65 ವ್ಯಾಟ್ ಚಾರ್ಜರ್ ಹಾಕಿದರೂ ಫೋನ್ ಏಕೆ ನಿಧಾನ? ಅಡಾಪ್ಟರ್–ಫೋನ್ ನಡುವಿನ ವೋಲ್ಟೇಜ್ ಮಾತುಕತೆ, ಪರೀಕ್ಷಿಸುವ ಬಗೆ

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಫೋನ್ 25 ವ್ಯಾಟ್‌ವರೆಗೆ ಚಾರ್ಜ್ ಆಗುತ್ತದೆ. ಅದನ್ನು 25 ವ್ಯಾಟ್‌ನ ಚಿಕ್ಕ ಅಡಾಪ್ಟರ್‌ಗೆ ಹಾಕಿದರೆ ಪರದೆಯ ಮೇಲೆ `Super fast charging` ಎಂದು ಬರುತ್ತದೆ. ಅದೇ ಫೋನನ್ನು ಲ್ಯಾಪ್‌ಟಾಪ್ ಜೊತೆ ಬಂದ 65 ವ್ಯಾಟ್‌ನ ದಪ್ಪ ಚಾರ್ಜರ್‌ಗೆ ಹಾಕಿದರೆ ಹೆಚ್ಚಿನ ಸಲ ಬರುವುದು ಬರೀ `Fast charging`. ಬೇರೆ ಕಂಪನಿಯ ಫೋನ್ ಜೊತೆ ಬಂದ 80 ವ್ಯಾಟ್ ಚಾರ್ಜರ್‌ಗೆ ಹಾಕಿದರೆ ಅದೂ ಇಲ್ಲ, ಸುಮ್ಮನೆ `Charging`. ವ್ಯಾಟ್ ಏರುತ್ತ ಹೋದಂತೆ ವೇಗ ಇಳಿಯಿತು. ಹಾಗಂತ ಮೂರರಲ್ಲಿ ಯಾವ ಚಾರ್ಜರ್ ಕೂಡ ಕೆಟ್ಟಿಲ್ಲ, ಫೋನೂ ಸರಿಯಾಗಿಯೇ ಇದೆ.

ಅಡಾಪ್ಟರ್ ಮೇಲಿನ ವ್ಯಾಟ್ ಅಂಕಿ ಅದು ಕೊಡಬಲ್ಲ ಗರಿಷ್ಠ ಮಿತಿಯನ್ನಷ್ಟೇ ಹೇಳುತ್ತದೆ. ನಿಜವಾಗಿ ಎಷ್ಟು ಹರಿಯುತ್ತದೆ ಎನ್ನುವುದು ಪ್ಲಗ್ ಹಾಕಿದ ಒಂದೆರಡು ಸೆಕೆಂಡಿನೊಳಗೆ ಅಡಾಪ್ಟರ್ ಮತ್ತು ಫೋನ್ ನಡುವೆ ನಡೆಯುವ ಮಾತುಕತೆಯಲ್ಲಿ ತೀರ್ಮಾನವಾಗುತ್ತದೆ. ಮಾತುಕತೆಗೆ ಇಬ್ಬರಿಗೂ ಗೊತ್ತಿರುವ ಪದ್ಧತಿ ಒಂದಾದರೂ ಇರಬೇಕು, ಆ ಮಾತನ್ನು ದಾಟಿಸುವ ತಂತಿ ಕೇಬಲ್‌ನಲ್ಲಿ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಫೋನ್ ಎಲ್ಲರಿಗೂ ಗೊತ್ತಿರುವ 5 ವೋಲ್ಟ್‌ಗೆ ಇಳಿದು ನಿಲ್ಲುತ್ತದೆ.

ಪ್ಲಗ್ ಹಾಕಿದ ಕೂಡಲೇ ಆಗುವುದು

ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್‌ನಿಂದ ಶುರುಮಾಡೋಣ. ಟೈಪ್-ಸಿ ಕಿಂಡಿಯಲ್ಲಿ ಕರೆಂಟ್ ಒಯ್ಯುವ ಪಿನ್‌ಗಳಲ್ಲದೆ ಸಿಸಿ ಎಂಬ ಪಿನ್ ಇದೆ. ಕೇಬಲನ್ನು ಯಾವ ಕಡೆ ತಿರುಗಿಸಿ ಹಾಕಿದರೂ ಕೆಲಸ ಆಗಲಿ ಎಂದು ಇದು ಮೇಲೊಂದು ಕೆಳಗೊಂದು ಇರುತ್ತದೆ. ಫೋನ್ ಒಳಗೆ ಈ ಪಿನ್‌ನಿಂದ ಗ್ರೌಂಡ್‌ಗೆ 5.1 ಕಿಲೋ ಓಮ್ ರೆಸಿಸ್ಟರ್ ಹಾಕಿರುತ್ತಾರೆ. ಅಡಾಪ್ಟರ್ ಆ ರೆಸಿಸ್ಟರ್‌ಗಾಗಿ ಕಾಯುತ್ತಿರುತ್ತದೆ. ಅದು ಕಾಣುವವರೆಗೆ ಟೈಪ್-ಸಿ ಅಡಾಪ್ಟರ್ ಹೊರಗೆ ವೋಲ್ಟೇಜನ್ನೇ ಬಿಡುವುದಿಲ್ಲ. ಕಂಡ ಮೇಲೆ ಬಿಡುವುದೂ 5 ವೋಲ್ಟ್ ಮಾತ್ರ. ಹಾಗಾಗಿ ಸರಿಯಾಗಿ ತಯಾರಾದ 65 ಅಥವಾ 100 ವ್ಯಾಟ್ ಚಾರ್ಜರ್‌ಗೆ ಸಾಮಾನ್ಯ ಫೋನ್ ಹಾಕಿದರೆ ಸುಟ್ಟುಹೋಗುತ್ತದೆ ಎಂಬ ಭಯಕ್ಕೆ ಕಾರಣವಿಲ್ಲ. ಫೋನ್ ಕೇಳದೆ ವೋಲ್ಟೇಜ್ ಏರುವುದಿಲ್ಲ.

5 ವೋಲ್ಟ್ ಬಂದ ಮೇಲೆ ಅಡಾಪ್ಟರ್ ಅದೇ ಸಿಸಿ ತಂತಿಯ ಮೇಲೆ ತನ್ನ ಪಟ್ಟಿಯನ್ನು ಕಳಿಸುತ್ತದೆ. ಇದೇ ಯುಎಸ್‌ಬಿ ಪವರ್ ಡೆಲಿವರಿ, ಚಿಕ್ಕದಾಗಿ ಪಿಡಿ. 65 ವ್ಯಾಟ್‌ನ ಲ್ಯಾಪ್‌ಟಾಪ್ ಚಾರ್ಜರ್‌ನ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ:

```
5V  3A
9V  3A
15V 3A
20V 3.25A
```

ಫೋನ್ ಈ ಪಟ್ಟಿಯಲ್ಲಿ ಒಂದನ್ನು ಆರಿಸಿ ಇಂತಿಷ್ಟು ಕರೆಂಟ್ ಬೇಕು ಎಂದು ಬೇಡಿಕೆ ಕಳಿಸುತ್ತದೆ. ಅಡಾಪ್ಟರ್ ಒಪ್ಪಿ, ವೋಲ್ಟೇಜ್ ಬದಲಿಸಿ, ಸಿದ್ಧ ಎಂದು ತಿಳಿಸಿದ ಮೇಲೆಯೇ ಫೋನ್ ಜೋರಾಗಿ ಎಳೆಯಲು ಶುರುಮಾಡುತ್ತದೆ. 8 ವೋಲ್ಟ್ ಬೇಕೆಂದರೆ ಈ ಪಟ್ಟಿಯಲ್ಲಿ ಅದಿಲ್ಲ. 5 ಬಿಟ್ಟರೆ 9. ನಮ್ಮ ಎಸ್24 ಈ ಪಟ್ಟಿಯಿಂದ 9 ವೋಲ್ಟ್ ಆರಿಸಿ ಸುಮಾರು 15 ವ್ಯಾಟ್ ಎಳೆಯುತ್ತದೆ, ಅಂದರೆ 1.67 ಆಂಪಿಯರ್ ಆಸುಪಾಸು. 9 ವೋಲ್ಟ್‌ನಲ್ಲಿ 3 ಆಂಪಿಯರ್ ಕೊಡುತ್ತೇನೆ ಎಂದು ಅಡಾಪ್ಟರ್ ಹೇಳಿದ್ದರೂ ಫೋನ್ ಮುಂದೆ ಹೋಗುವುದಿಲ್ಲ. ಇಲ್ಲಿ ತಡೆಯುತ್ತಿರುವುದು ಫೋನ್, ಮತ್ತು ಅದಕ್ಕೆ ಒಳ್ಳೆಯ ಕಾರಣವಿದೆ.

9 ವೋಲ್ಟ್ ಸಿಕ್ಕರೂ ಫೋನ್ ತಡೆಯುವುದೇಕೆ

ಬ್ಯಾಟರಿ ಚಾರ್ಜ್ ಆಗುವಾಗ ಅದರ ವೋಲ್ಟೇಜ್ ಸುಮಾರು 3.5ರಿಂದ ಶುರುವಾಗಿ 4.4ರ ಹತ್ತಿರ ಮುಗಿಯುತ್ತದೆ. ಹೊರಗಿನಿಂದ ಬಂದ 9 ವೋಲ್ಟನ್ನು ಫೋನ್ ಒಳಗೇ ಆ ಮಟ್ಟಕ್ಕೆ ಇಳಿಸಬೇಕು. ಇದಕ್ಕೆ ಫೋನ್‌ನಲ್ಲಿ ಎರಡು ದಾರಿಗಳಿವೆ.

ಮೊದಲನೆಯದು ಕಾಯಿಲ್ ಬಳಸುವ ಸಾಮಾನ್ಯ ಬಕ್ ಕನ್ವರ್ಟರ್. ಯಾವ ವೋಲ್ಟೇಜ್ ಬಂದರೂ ಇದು ನಿಭಾಯಿಸುತ್ತದೆ, ಆದರೆ ಸುಮಾರು ಹತ್ತರಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ. 15 ವ್ಯಾಟ್ ಎಳೆದರೆ ಒಂದೂವರೆ ವ್ಯಾಟ್, 25 ವ್ಯಾಟ್ ಎಳೆದರೆ ಎರಡೂವರೆ ವ್ಯಾಟ್ ಶಾಖ ಆ ತೆಳ್ಳನೆಯ ಗಾಜಿನ ಪೆಟ್ಟಿಗೆಯೊಳಗೆ ಉಳಿಯುತ್ತದೆ. ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು. ಅದಕ್ಕೇ ಈ ದಾರಿಯಲ್ಲಿ ಫೋನ್ 15 ವ್ಯಾಟ್‌ನ ಆಸುಪಾಸಿನಲ್ಲಿ ನಿಲ್ಲಿಸಿಕೊಳ್ಳುತ್ತದೆ.

ಎರಡನೆಯದು ಚಾರ್ಜ್ ಪಂಪ್. ಕೆಪಾಸಿಟರ್‌ಗಳನ್ನು ಬಹಳ ವೇಗವಾಗಿ ಬದಲಾಯಿಸುತ್ತ ಬಂದ ವೋಲ್ಟೇಜನ್ನು ಸರಿಯಾಗಿ ಅರ್ಧ ಮಾಡಿ, ಕರೆಂಟನ್ನು ಎರಡು ಪಟ್ಟು ಮಾಡಿ ಬ್ಯಾಟರಿಗೆ ಕೊಡುವ ಚಿಪ್ ಅದು. ನಷ್ಟ ನೂರಕ್ಕೆ ಮೂರರ ಸುಮಾರು. ಆದರೆ ಅದಕ್ಕೆ ಅರ್ಧ ಮಾಡುವುದು ಮಾತ್ರ ಗೊತ್ತು, ಹೊಂದಿಸುವುದು ಗೊತ್ತಿಲ್ಲ. ಬ್ಯಾಟರಿ ಈಗ 3.9 ವೋಲ್ಟ್‌ನಲ್ಲಿದ್ದರೆ ಹೊರಗಿನಿಂದ ಅದರ ಎರಡರಷ್ಟು, ಅಂದರೆ 7.8, ಜೊತೆಗೆ ದಾರಿಯ ನಷ್ಟಕ್ಕೆ ಒಂದಿಷ್ಟು ಸೇರಿಸಿ ಸುಮಾರು 8.1 ವೋಲ್ಟ್ ಬರಬೇಕು. ಹತ್ತು ನಿಮಿಷ ಬಿಟ್ಟು ಬ್ಯಾಟರಿ 4.0ಕ್ಕೆ ಏರಿದರೆ 8.3 ಬೇಕು. ನಿಶ್ಚಿತ 9 ವೋಲ್ಟ್ ಕೊಡುವ ಅಡಾಪ್ಟರ್‌ನಿಂದ ಇದು ಸಾಧ್ಯವಿಲ್ಲ, ಆದ್ದರಿಂದ ಫೋನ್ ಚಾರ್ಜ್ ಪಂಪನ್ನು ಮುಟ್ಟದೆ ಮೊದಲನೆಯ ದಾರಿಗೇ ಹೋಗುತ್ತದೆ.

ಈ ಕೊರತೆ ತುಂಬುವುದು ಪಿಪಿಎಸ್. ಇದು ಪಿಡಿಯದೇ ಒಂದು ಭಾಗ, ಆದರೆ ಎಲ್ಲ ಪಿಡಿ ಚಾರ್ಜರ್‌ಗಳಲ್ಲೂ ಇರುವುದಿಲ್ಲ. ಪಿಪಿಎಸ್ ಇರುವ ಅಡಾಪ್ಟರ್ ತನ್ನ ಪಟ್ಟಿಯಲ್ಲಿ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಒಂದು ವ್ಯಾಪ್ತಿಯನ್ನೇ ಕೊಡುತ್ತದೆ. ಆ ವ್ಯಾಪ್ತಿಯೊಳಗೆ ಫೋನ್ 20 ಮಿಲಿವೋಲ್ಟ್‌ಗಳ ಹೆಜ್ಜೆಯಲ್ಲಿ ವೋಲ್ಟೇಜ್ ಕೇಳಬಹುದು, 50 ಮಿಲಿಆಂಪಿಯರ್‌ಗಳ ಹೆಜ್ಜೆಯಲ್ಲಿ ಕರೆಂಟ್ ಮಿತಿ ಹೇಳಬಹುದು. ಬ್ಯಾಟರಿ ಏರಿದಂತೆ ಫೋನ್ ಮತ್ತೆ ಮತ್ತೆ ಹೊಸ ಬೇಡಿಕೆ ಕಳಿಸುತ್ತ ಅಡಾಪ್ಟರನ್ನು ತನ್ನ ಜೊತೆ ಮೇಲಕ್ಕೆ ಕರೆದುಕೊಂಡು ಹೋಗುತ್ತದೆ. ಬೇರೇನೂ ಬದಲಾಗದಿದ್ದರೂ 10 ಸೆಕೆಂಡಿಗೊಮ್ಮೆ ಅದು ಬೇಡಿಕೆಯನ್ನು ನವೀಕರಿಸಲೇಬೇಕು. ಸುಮಾರು 15 ಸೆಕೆಂಡ್ ಸುದ್ದಿ ಇಲ್ಲದಿದ್ದರೆ ಅಡಾಪ್ಟರ್ ಎಲ್ಲವನ್ನೂ ರದ್ದುಮಾಡಿ ಮೊದಲಿನಿಂದ ಶುರುಮಾಡುತ್ತದೆ. ಈ ಅಂಶ ಮುಂದೆ ದೋಷ ಹುಡುಕುವಾಗ ಬೇಕಾಗುತ್ತದೆ.

ಸ್ಯಾಮ್‌ಸಂಗ್‌ನ 25 ವ್ಯಾಟ್ ಅಡಾಪ್ಟರ್ ಇಪಿ-ಟಿಎ800 ಮೇಲೆ ಬರೆದಿರುವುದು ಇದು:

```
PDO: 5.0V 3.0A  or  9.0V 2.77A
PPS: 3.3-5.9V 3.0A  or  3.3-11.0V 2.25A
```

ಮೊದಲ ಸಾಲು ನಿಶ್ಚಿತ ವೋಲ್ಟೇಜ್‌ಗಳು, ಎರಡನೆಯದು ಪಿಪಿಎಸ್ ವ್ಯಾಪ್ತಿ. ಈಗ ಲೆಕ್ಕ ಹಾಕಿ. 25 ವ್ಯಾಟ್ ಎನ್ನುವುದು 11 ವೋಲ್ಟ್ ಮತ್ತು 2.25 ಆಂಪಿಯರ್ ಗುಣಿಸಿ ಬಂದದ್ದು. ಬ್ಯಾಟರಿ 3.9ರಲ್ಲಿರುವಾಗ ಫೋನ್ ಕೇಳುವುದು 8.1 ವೋಲ್ಟ್, ಅಡಾಪ್ಟರ್ ಆ ಸಾಲಿನಲ್ಲಿ ಕೊಡುವುದು ಹೆಚ್ಚೆಂದರೆ 2.25 ಆಂಪಿಯರ್, ಹಾಗಾಗಿ ಆ ಗಳಿಗೆಯಲ್ಲಿ ಹರಿಯುವುದು 18 ವ್ಯಾಟ್‌ನ ಸುಮಾರು. ಶಾಖವಾಗಿ ಹೋಗುವುದು ಅರ್ಧ ವ್ಯಾಟ್‌ನಷ್ಟು. ಹಳೆಯ ದಾರಿಯ 15 ವ್ಯಾಟ್‌ನಲ್ಲಿ ಒಂದೂವರೆ ವ್ಯಾಟ್ ಹೋಗುತ್ತಿತ್ತು. ಅದೇ ಬೇರೆ ಕಂಪನಿಯ ಅಡಾಪ್ಟರ್ ಮೇಲೆ `3.3-11V 3A` ಎಂದಿದ್ದರೆ 8.1 ವೋಲ್ಟ್‌ನಲ್ಲೂ 24 ವ್ಯಾಟ್ ಕೊಡುವ ಶಕ್ತಿ ಅದಕ್ಕಿದೆ. ಚಾರ್ಜರ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ದೊಡ್ಡ ವ್ಯಾಟ್ ಅಂಕಿಗಿಂತ ಪಿಪಿಎಸ್ ಸಾಲಿನ ಆಂಪಿಯರನ್ನು ನೋಡಬೇಕು ಎನ್ನುವುದು ಇದಕ್ಕೇ.

ಆಪಲ್‌ನ 20 ವ್ಯಾಟ್ ಅಡಾಪ್ಟರ್‌ನಲ್ಲಿ 5 ಮತ್ತು 9 ವೋಲ್ಟ್ ಎರಡೇ ಇವೆ, ಪಿಪಿಎಸ್ ಇಲ್ಲ. ಐಫೋನ್‌ಗೆ ಅಷ್ಟು ಸಾಕು. ಗ್ಯಾಲಕ್ಸಿಗೆ ಅದನ್ನು ಹಾಕಿದರೆ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗಿನ ಫಲಿತಾಂಶವೇ ಬರುತ್ತದೆ.

ಅಗಲ ಕಿಂಡಿಯ ಚಾರ್ಜರ್‌ಗಳ ಮಾತು ಬೇರೆ

ಮೂರನೆಯ ಚಾರ್ಜರ್, ಆ 80 ವ್ಯಾಟ್‌ನದು, ಯುಎಸ್‌ಬಿ-ಎ ಕಿಂಡಿಯದು, ಅಂದರೆ ಹಳೆಯ ಅಗಲ ಬಾಯಿಯದು. ಎ ಕಿಂಡಿಯಲ್ಲಿ ಸಿಸಿ ಪಿನ್ನೇ ಇಲ್ಲ. ಎ-ಯಿಂದ-ಸಿ ಕೇಬಲ್‌ನಲ್ಲಿ ಸಿ ತುದಿಯ ಪ್ಲಗ್ ಒಳಗೆ 56 ಕಿಲೋ ಓಮ್‌ನ ರೆಸಿಸ್ಟರ್ ಕೂಡಿಸಿರುತ್ತಾರೆ. ಫೋನ್‌ನ ಸಿಸಿ ಪಿನ್‌ಗೆ ಅದೇ ಕಾಣುತ್ತದೆ, ಅದರಾಚೆ ಏನೂ ಇಲ್ಲ. ಆದ್ದರಿಂದ ಎ-ಯಿಂದ-ಸಿ ಕೇಬಲ್‌ನಲ್ಲಿ ಪಿಡಿ ನಡೆಯುವುದಿಲ್ಲ, ಪಿಪಿಎಸ್ ಕೂಡ ಇಲ್ಲ. ಕೇಬಲ್‌ಗೆ ಎಷ್ಟು ದುಡ್ಡು ಕೊಟ್ಟಿದ್ದರೂ ಅಷ್ಟೇ.

ಅಲ್ಲಿ ಮಾತುಕತೆ ನಡೆಯುವುದು ಎರಡು ಡೇಟಾ ತಂತಿಗಳ ಮೇಲೆ. ಕ್ವಾಲ್‌ಕಾಮ್‌ನ ಕ್ವಿಕ್ ಚಾರ್ಜ್ 2.0 ಇದಕ್ಕೆ ಸರಳ ಉದಾಹರಣೆ. ಅಡಾಪ್ಟರ್ ಮೊದಲು ಎರಡೂ ಡೇಟಾ ತಂತಿಗಳನ್ನು ಒಳಗೆ ಜೋಡಿಸಿಟ್ಟಿರುತ್ತದೆ. ಇದು ಚಾರ್ಜರ್, ಕಂಪ್ಯೂಟರ್ ಅಲ್ಲ ಎಂದು ಫೋನ್‌ಗೆ ತಿಳಿಯುವುದು ಅದರಿಂದ. ನಂತರ ಫೋನ್ ಡಿ-ಪ್ಲಸ್ ತಂತಿಯ ಮೇಲೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು 0.6 ವೋಲ್ಟ್ ಹಿಡಿಯುತ್ತದೆ. ಕ್ವಿಕ್ ಚಾರ್ಜ್ ಬಲ್ಲ ಅಡಾಪ್ಟರ್ ಆಗ ಆ ಜೋಡಣೆಯನ್ನು ಬಿಡಿಸುತ್ತದೆ. ಬಳಿಕ ಫೋನ್ ಡಿ-ಪ್ಲಸ್ ಮೇಲೆ 3.3, ಡಿ-ಮೈನಸ್ ಮೇಲೆ 0.6 ವೋಲ್ಟ್ ಇಟ್ಟರೆ 9 ವೋಲ್ಟ್ ಕೊಡು ಎಂದರ್ಥ. ಎರಡರ ಮೇಲೂ 0.6 ಇಟ್ಟರೆ 12.

ಒಪ್ಪೊ, ಒನ್‌ಪ್ಲಸ್, ರಿಯಲ್‌ಮಿ ಫೋನ್‌ಗಳ ಸೂಪರ್‌ವೂಕ್‌ನಂಥವು ತಮ್ಮದೇ ಗುಟ್ಟಿನ ಭಾಷೆ ಆಡುತ್ತವೆ. ಅಂಥ 80 ವ್ಯಾಟ್ ಅಡಾಪ್ಟರ್ ಮೇಲೆ 5 ವೋಲ್ಟ್ 2 ಆಂಪಿಯರ್ ಎಂದು ಒಂದು, 11 ವೋಲ್ಟ್‌ವರೆಗೆ 7.3 ಆಂಪಿಯರ್ ಎಂದು ಇನ್ನೊಂದು ಲೆಕ್ಕ ಇರುತ್ತದೆ. ಎರಡನೆಯದು ಸಿಗುವುದು ಅದೇ ಬಳಗದ ಫೋನ್, ಅದೇ ದಪ್ಪ ಕೇಬಲ್ ಎರಡೂ ಇದ್ದಾಗ ಮಾತ್ರ. ಬೇರೆ ಫೋನ್‌ಗೆ ಮೊದಲನೆಯದೇ ಗತಿ, ಅಂದರೆ 10 ವ್ಯಾಟ್. ತಿರುಗಿಸಿ ನೋಡಿದರೂ ಹೀಗೆಯೇ: ಸೂಪರ್‌ವೂಕ್ ಫೋನನ್ನು 65 ವ್ಯಾಟ್ ಪಿಡಿ ಚಾರ್ಜರ್‌ಗೆ ಹಾಕಿದರೆ ಪೂರ್ಣ ವೇಗ ಬರುವುದಿಲ್ಲ. ಎಷ್ಟು ಬರುತ್ತದೆ ಎನ್ನುವುದು ಒಂದೊಂದು ಮಾಡೆಲ್‌ಗೆ ಒಂದೊಂದು ಥರ, ಅಳೆದೇ ನೋಡಬೇಕು.

ಮನೆಯಲ್ಲೇ ಪರೀಕ್ಷಿಸುವುದು ಹೇಗೆ

ಮೊದಲು ಫೋನನ್ನು ಸರಿಯಾದ ಸ್ಥಿತಿಗೆ ತನ್ನಿ. ಬ್ಯಾಟರಿ 20 ಮತ್ತು 50 ಶೇಕಡಾ ನಡುವೆ ಇರಲಿ, ಏಕೆಂದರೆ 80 ದಾಟಿದ ಮೇಲೆ ಯಾವ ಫೋನೂ ಕರೆಂಟ್ ಇಳಿಸುತ್ತ ಹೋಗುತ್ತದೆ, ಆಗ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಫೋನ್ ಕೈಗೆ ತಣ್ಣಗಿರಬೇಕು. ಬಿಸಿಲಲ್ಲಿ ಬೈಕ್ ಮೇಲೆ ಮ್ಯಾಪ್ ಹಾಕಿಕೊಂಡು ಬಂದ ಫೋನ್ ಎಂಥ ಚಾರ್ಜರ್‌ನಲ್ಲೂ ನಿಧಾನ. ದಪ್ಪ ಕವರ್ ತೆಗೆಯಿರಿ, ಪರದೆ ಆರಿಸಿ. ಗ್ಯಾಲಕ್ಸಿ ಆಗಿದ್ದರೆ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ `Fast charging` ಮತ್ತು `Super fast charging` ಎರಡೂ ಆನ್ ಇವೆಯೇ ನೋಡಿ. ಯಾವಾಗಲೋ ಆಫ್ ಮಾಡಿ ಮರೆತಿರುವುದು ಬಹಳ ಮಂದಿಗೆ ಆಗುತ್ತದೆ.

ಎರಡನೆಯ ಹೆಜ್ಜೆ, ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದುವುದು. ಬೂದುಬಣ್ಣದ ಮೇಲೆ ಬೂದುಬಣ್ಣದಲ್ಲಿ ಮುದ್ರಿಸಿರುತ್ತಾರೆ, ಇನ್ನೊಂದು ಫೋನ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡುವುದು ಸುಲಭ. `Output` ಎಂಬ ಸಾಲು ಹುಡುಕಿ. ಅಲ್ಲಿ `PPS` ಎಂಬ ಅಕ್ಷರ ಅಥವಾ `3.3-11V` ಥರದ ವ್ಯಾಪ್ತಿ ಇದೆಯೇ? ಬರೀ 5, 9, 15, 20 ಎಂಬ ಬಿಡಿ ಅಂಕಿಗಳಿದ್ದರೆ ಅದು ಸಾಮಾನ್ಯ ಪಿಡಿ. ಬರೀ `5V 2A` ಇದ್ದರೆ ಅಲ್ಲಿಗೆ ಹುಡುಕಾಟ ಮುಗಿಯಿತು. ಎರಡು ಮೂರು ಕಿಂಡಿ ಇರುವ ಚಾರ್ಜರ್ ಆದರೆ ಕಿಂಡಿಗೊಂದು ಸಾಲು ಇರುತ್ತದೆ, `C1`, `C2`, `A` ಎಂದು. ಪಿಪಿಎಸ್ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಸಾಮಾನ್ಯ.

ಮೂರನೆಯದು ಕೇಬಲ್. ಪಿಡಿ ಬೇಕಾದರೆ ಎರಡೂ ತುದಿ ಸಿ ಆಗಿರಲೇಬೇಕು. ಸಾಧಾರಣ ಸಿ-ಯಿಂದ-ಸಿ ಕೇಬಲ್ 3 ಆಂಪಿಯರ್‌ನದು. ಅದಕ್ಕಿಂತ ಹೆಚ್ಚು ಕರೆಂಟ್ ಬೇಕಾದರೆ ಕೇಬಲ್‌ನ ಪ್ಲಗ್ ಒಳಗೆ ಇ-ಮಾರ್ಕರ್ ಎಂಬ ಚಿಪ್ ಇರಬೇಕು. ಅಡಾಪ್ಟರ್ ಮೊದಲು ಆ ಚಿಪ್ಪನ್ನು ನಿನಗೆ ಎಷ್ಟು ಹೊರಲು ಸಾಧ್ಯ ಎಂದು ಕೇಳುತ್ತದೆ. ಉತ್ತರ ಬರದಿದ್ದರೆ 3 ಆಂಪಿಯರ್‌ಗೆ ನಿಲ್ಲುತ್ತದೆ. ಎಸ್24 ಥರದ 25 ವ್ಯಾಟ್ ಫೋನ್‌ಗೆ 3 ಆಂಪಿಯರ್ ಕೇಬಲ್ ಸಾಕು. ಎಸ್23 ಅಲ್ಟ್ರಾದಂಥ 45 ವ್ಯಾಟ್ ಫೋನ್ ಸುಮಾರು 10 ವೋಲ್ಟ್‌ನಲ್ಲಿ 4 ಆಂಪಿಯರ್ ಮೀರಿ ಕೇಳುತ್ತದೆ, ಅದಕ್ಕೆ 5 ಆಂಪಿಯರ್ ಕೇಬಲ್ ಇಲ್ಲದಿದ್ದರೆ `Super fast charging 2.0` ಎಂಬುದರ ಕೊನೆಯ `2.0` ಬರುವುದಿಲ್ಲ. ಸರಿಯಾದ ಕೇಬಲ್ ಇದ್ದೂ ಅದು ಬಾರದಿದ್ದರೆ ಅಡಾಪ್ಟರ್‌ನ ಪಿಪಿಎಸ್ ಸಾಲು ನೋಡಿ, ಅಲ್ಲಿ 11 ವೋಲ್ಟ್‌ಗೆ 3 ಆಂಪಿಯರ್ ಮಾತ್ರ ಇರುತ್ತದೆ.

ನಾಲ್ಕನೆಯದು ಅಳತೆ. ಕೇಬಲ್ ಮತ್ತು ಅಡಾಪ್ಟರ್ ನಡುವೆ ಸಿಕ್ಕಿಸುವ ಟೈಪ್-ಸಿ ಪವರ್ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಫೋನ್ ಹಾಕಿ ಒಂದು ನಿಮಿಷ ಬಿಟ್ಟು ವೋಲ್ಟೇಜ್ ಓದಿ. ನೋಡಬೇಕಾದ್ದು ವ್ಯಾಟ್‌ಗಿಂತ ಮೊದಲು ವೋಲ್ಟ್. 5ರ ಸುತ್ತಮುತ್ತ ಇದ್ದರೆ ಮಾತುಕತೆ ನಡೆದೇ ಇಲ್ಲ. ಅಲುಗಾಡದೆ 9 ಇದ್ದರೆ ನಿಶ್ಚಿತ ಪಿಡಿ ಅಥವಾ ಕ್ವಿಕ್ ಚಾರ್ಜ್. 8.06, 8.14, 8.20 ಹೀಗೆ ನಿಧಾನವಾಗಿ ಮೇಲಕ್ಕೆ ತೆವಳುತ್ತಿದ್ದರೆ ಅದೇ ಪಿಪಿಎಸ್.

ಮೀಟರ್ ಇಲ್ಲದಿದ್ದರೆ ಗಡಿಯಾರ ಸಾಕು. ಎಸ್24ರ ಬ್ಯಾಟರಿ 4000 ಮಿಲಿಆಂಪಿಯರ್ ಅವರ್, ಅಂದರೆ ಸುಮಾರು 15.5 ವ್ಯಾಟ್ ಅವರ್. ಅದರ 10 ಶೇಕಡಾ ಒಂದೂವರೆ ವ್ಯಾಟ್ ಅವರ್‌ಗಿಂತ ಸ್ವಲ್ಪ ಹೆಚ್ಚು. ಪರದೆ ಆರಿಸಿ 30ರಿಂದ 40 ಶೇಕಡಾಕ್ಕೆ ಹೋಗಲು ಎಷ್ಟು ನಿಮಿಷ ಎಂದು ನೋಡಿ. ಪಿಪಿಎಸ್‌ನಲ್ಲಿ 18 ವ್ಯಾಟ್ ಬರುತ್ತಿದ್ದರೆ ಸುಮಾರು ಐದೂವರೆ ನಿಮಿಷ, 9 ವೋಲ್ಟ್‌ನ 15 ವ್ಯಾಟ್ ಆದರೆ ಏಳು, 10 ವ್ಯಾಟ್ ಆದರೆ ಹತ್ತು ಹತ್ತೂವರೆ. ಮುಕ್ಕಾಲು ಗಂಟೆಯ ಹತ್ತಿರ ಹೋದರೆ ಫೋನ್ ಕಂಪ್ಯೂಟರ್ ಕಿಂಡಿಯಲ್ಲಿ ಸಿಗುವಂಥ 5 ವೋಲ್ಟ್, ಅರ್ಧ ಆಂಪಿಯರ್‌ಗೆ ಸಿಕ್ಕಿಕೊಂಡಿದೆ ಎಂದು ತಿಳಿಯಿರಿ. ಬೇರೆ ಫೋನ್ ಆದರೆ ಬ್ಯಾಟರಿ ಗಾತ್ರಕ್ಕೆ ತಕ್ಕಂತೆ ನಿಮಿಷ ಹೆಚ್ಚಿಸಿಕೊಳ್ಳಿ. 5000ದ ಬ್ಯಾಟರಿಗೆ ಕಾಲು ಪಾಲು ಹೆಚ್ಚು.

ಪರೀಕ್ಷೆಯ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಅಡಾಪ್ಟರ್, ಕೇಬಲ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾರದ್ದೆಂದು ಎಂದೂ ಗೊತ್ತಾಗುವುದಿಲ್ಲ.

ಹೊಂದಬೇಕಾದ್ದು ಹೊಂದುತ್ತಿಲ್ಲ ಎಂದಾದರೆ

ಲೇಬಲ್ ಪ್ರಕಾರ ಎಲ್ಲ ಸರಿ, ನಿನ್ನೆಯವರೆಗೆ ವೇಗವಾಗಿಯೇ ಆಗುತ್ತಿತ್ತು, ಇವತ್ತು ಇಲ್ಲ ಎಂದರೆ ಮೊದಲ ಗುಮಾನಿ ಫೋನ್‌ನ ಕಿಂಡಿಯ ಮೇಲೆ. ಪ್ಯಾಂಟ್ ಜೇಬಿನ ನೂಲಿನ ಧೂಳು ಒಳಗೆ ಅದುಮಿಕೊಂಡು ಪ್ಲಗ್ ಪೂರ್ತಿ ಕೂರುವುದಿಲ್ಲ. ಕರೆಂಟ್ ಒಯ್ಯುವ ಪಿನ್‌ಗಳು ನಾಲ್ಕು ಜೋಡಿ ಇರುವುದರಿಂದ ಅವು ಹೇಗೋ ತಾಗುತ್ತವೆ, ಒಂಟಿಯಾಗಿರುವ ಸಿಸಿ ಪಿನ್ ತಪ್ಪುತ್ತದೆ. ಇದನ್ನು ಕಂಡುಹಿಡಿಯುವ ಒಳ್ಳೆಯ ಉಪಾಯ, ಫೋನ್ ತುದಿಯ ಪ್ಲಗ್ಗನ್ನು ತಲೆಕೆಳಗು ಮಾಡಿ ಹಾಕುವುದು. ಒಂದು ಕಡೆ ವೇಗ, ಇನ್ನೊಂದು ಕಡೆ ನಿಧಾನ ಅಥವಾ ಚಾರ್ಜೇ ಇಲ್ಲ ಎಂದಾದರೆ ಒಂದು ಬದಿಯ ಸಿಸಿ ಸಂಪರ್ಕ ಹೋಗಿದೆ. ಬೇರೆ ಕೇಬಲ್‌ನಲ್ಲೂ ಹಾಗೇ ಆದರೆ ತೊಂದರೆ ಫೋನ್‌ನದು. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯನ್ನು ಚಪ್ಪಟೆ ಮಾಡಿ, ಕಿಂಡಿಯ ಗೋಡೆಯ ಉದ್ದಕ್ಕೂ ಕೆರೆದು ಧೂಳನ್ನು ಹೊರಗೆಳೆಯಿರಿ. ನಡುವಿನ ತೆಳು ನಾಲಿಗೆಗೆ ಒತ್ತಡ ಬೀಳಬಾರದು. ಸೂಜಿ, ಪಿನ್ನು ಬೇಡವೇ ಬೇಡ.

ಚಾರ್ಜ್ ಆಗುವ ಸದ್ದು ಹತ್ತಿಪ್ಪತ್ತು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಬರುತ್ತಿದ್ದರೆ, ಪಿಪಿಎಸ್‌ನ ಆವರ್ತ ಬೇಡಿಕೆ ಅಡಾಪ್ಟರ್ ತಲುಪುತ್ತಿಲ್ಲ, ಅದು ಪ್ರತಿಸಲ ಎಲ್ಲ ರದ್ದುಮಾಡಿ ಹೊಸದಾಗಿ ಶುರುಮಾಡುತ್ತಿದೆ ಎಂಬ ಸಾಧ್ಯತೆ ಹೆಚ್ಚು. ಸಿಸಿ ತಂತಿ ಅರೆಬರೆ ಮುರಿದ ಕೇಬಲ್‌ನ ಲಕ್ಷಣ ಇದು. ಪ್ಲಗ್ ಬುಡದಲ್ಲಿ ಕೇಬಲನ್ನು ಮೆಲ್ಲಗೆ ಬಾಗಿಸಿ ನೋಡಿ, ಸದ್ದು ಬಂದರೆ ಕೇಬಲ್ ಬದಲಿಸಿ.

ಎರಡು ಕಿಂಡಿಯ ಚಾರ್ಜರ್‌ಗೆ ಇಯರ್‌ಬಡ್ಸ್ ಹಾಕಿದ ಕೂಡಲೇ ಫೋನ್ ಒಮ್ಮೆ ಕಡಿದು, ಮತ್ತೆ ಹತ್ತಿ, ನಿಧಾನವಾಗುವುದು ದೋಷವಲ್ಲ. ಎರಡನೆಯ ಸಾಧನ ಬಂದಾಗ ಅಡಾಪ್ಟರ್ ತನ್ನ ಶಕ್ತಿಯನ್ನು ಹಂಚಿ ಇಬ್ಬರಿಗೂ ಹೊಸ ಪಟ್ಟಿ ಕಳಿಸುತ್ತದೆ. 65 ವ್ಯಾಟ್ ಇದ್ದದ್ದು 45 ಮತ್ತು 20 ಆಗಬಹುದು, ಅಗ್ಗದ ಚಾರ್ಜರ್‌ಗಳಲ್ಲಿ ಎರಡೂ 5 ವೋಲ್ಟ್‌ಗೆ ಬೀಳಬಹುದು. ಹೇಗೆ ಹಂಚುತ್ತದೆ ಎಂದು ಲೇಬಲ್‌ನಲ್ಲೇ `C1+C2` ಎಂದು ಬರೆದಿರುತ್ತದೆ.

ಎ ಕಿಂಡಿಯಲ್ಲಿ ಕ್ವಿಕ್ ಚಾರ್ಜ್ ಬರುತ್ತಿಲ್ಲವಾದರೆ ಕೇಬಲ್‌ನಲ್ಲಿ ಡೇಟಾ ತಂತಿ ಇದೆಯೇ ನೋಡಿ. ಕಂಪ್ಯೂಟರ್‌ಗೆ ಹಾಕಿ ಒಂದು ಫೋಟೊ ಕಾಪಿ ಮಾಡಿದರೆ ಗೊತ್ತಾಗುತ್ತದೆ. ಫೋನ್ ಕಂಪ್ಯೂಟರ್‌ನಲ್ಲಿ ಕಾಣದಿದ್ದರೆ ಆ ಕೇಬಲ್‌ನಲ್ಲಿ ಮಾತಾಡಲು ತಂತಿಯೇ ಇಲ್ಲ.

5 ವೋಲ್ಟ್‌ನಲ್ಲಿ ನಿಲ್ಲುವ ಚಾರ್ಜರ್‌ಗಳಿಗೆ ತೆಳು ಕೇಬಲ್ ಇನ್ನೊಂದು ಪೆಟ್ಟು ಕೊಡುತ್ತದೆ. ಉದ್ದನೆಯ ಅಗ್ಗದ ಕೇಬಲ್‌ನಲ್ಲಿ ಹೋಗಿ ಬರುವ ದಾರಿಯ ರೋಧ ಒಟ್ಟು 0.3 ಓಮ್ ಇದೆ ಎನ್ನಿ. 3 ಆಂಪಿಯರ್ ಹರಿದರೆ 0.9 ವೋಲ್ಟ್ ದಾರಿಯಲ್ಲೇ ಕರಗಿ ಫೋನ್‌ಗೆ ತಲುಪುವುದು 4.1. ಅಷ್ಟರಲ್ಲಿ ಚಾರ್ಜ್ ಆಗದು, ಆದ್ದರಿಂದ ಫೋನ್ ವೋಲ್ಟೇಜ್ ಚೇತರಿಸಿಕೊಳ್ಳುವವರೆಗೆ ಕರೆಂಟ್ ಇಳಿಸುತ್ತದೆ. ಅದೇ ಕೇಬಲ್‌ನಲ್ಲಿ 9 ವೋಲ್ಟ್, 1.67 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ಹೋಗಿ ಎಂಟೂವರೆ ತಲುಪುತ್ತದೆ, ಫೋನ್‌ಗೆ ತೊಂದರೆಯಿಲ್ಲ. ವೋಲ್ಟೇಜ್ ಏರಿಸುವ ಯೋಚನೆ ಹುಟ್ಟಿದ್ದೇ ಈ ಕಾರಣಕ್ಕೆ.

ಕೇಬಲ್ ವಿಷಯದಲ್ಲಿ ನಿಜವಾದ ಅಪಾಯವೂ ಒಂದಿದೆ. ಎ-ಯಿಂದ-ಸಿ ಕೇಬಲ್‌ನಲ್ಲಿ 56 ಕಿಲೋ ಓಮ್ ಇರಬೇಕಾದ ಕಡೆ 10 ಕಿಲೋ ಓಮ್ ಹಾಕಿಬಿಟ್ಟರೆ, ಆ ಕಡೆ 3 ಆಂಪಿಯರ್ ಸಿಗುತ್ತದೆ ಎಂದು ಅದು ಫೋನ್‌ಗೆ ಸುಳ್ಳು ಹೇಳಿದಂತೆ. ಫೋನ್ ನಂಬಿ ಎಳೆಯುತ್ತದೆ, 1 ಆಂಪಿಯರ್‌ನ ಹಳೆಯ ಅಡಾಪ್ಟರ್ ಅಥವಾ ಕಂಪ್ಯೂಟರ್ ಕಿಂಡಿ ಕಾದು ಕೆಡುತ್ತದೆ. 2015ರಲ್ಲಿ ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಆನ್‌ಲೈನ್‌ನಲ್ಲಿ ಮಾರುವ ಕೇಬಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ಇಂಥವುಗಳನ್ನು ಬಯಲಿಗೆಳೆದರು. ಸಾಮಾನ್ಯ ಹಳೆ ಚಾರ್ಜರ್‌ಗೆ ಹೊಸ ಕೇಬಲ್ ಹಾಕಿದಾಗ ಅಡಾಪ್ಟರ್ ಮುಟ್ಟಲಾರದಷ್ಟು ಬಿಸಿಯಾದರೆ ಆ ಕೇಬಲನ್ನು ಬಿಸಾಡಿ.

ಹೊಸ ಚಾರ್ಜರ್ ಕೊಳ್ಳುವಾಗ

ಫೋನ್ ಮಾಡೆಲ್‌ನ ವಿವರಪುಟದಲ್ಲಿ ಯಾವ ಪದ್ಧತಿ ಎಂದು ಮೊದಲು ನೋಡಿ. ಗ್ಯಾಲಕ್ಸಿಯ 25 ವ್ಯಾಟ್ ಫೋನ್‌ಗೆ `PPS 3.3-11V` ಇರುವ, ಆ ಸಾಲಿನಲ್ಲಿ ಕನಿಷ್ಠ 2.25, ಸಾಧ್ಯವಾದರೆ 3 ಆಂಪಿಯರ್ ಕೊಡುವ ಅಡಾಪ್ಟರ್ ಮತ್ತು ಒಂದು ಮೀಟರ್ ಉದ್ದದ ಸಿ-ಯಿಂದ-ಸಿ ಕೇಬಲ್ ಸಾಕು. ಐಫೋನ್‌ಗೆ 9 ವೋಲ್ಟ್ ಇರುವ ಯಾವುದೇ ಒಳ್ಳೆಯ ಪಿಡಿ ಅಡಾಪ್ಟರ್ ಆಗುತ್ತದೆ; ಕ್ವಿಕ್ ಚಾರ್ಜ್ ಎಂದು ಮಾತ್ರ ಬರೆದ ಎ ಕಿಂಡಿಯದ್ದು ಅದಕ್ಕೆ 5 ವೋಲ್ಟ್ ಅಷ್ಟೇ ಕೊಡುತ್ತದೆ. ಸೂಪರ್‌ವೂಕ್ ಬಳಗದ ಫೋನ್ ಇದ್ದವರು ಪೆಟ್ಟಿಗೆಯಲ್ಲಿ ಬಂದ ಅಡಾಪ್ಟರ್ ಮತ್ತು ಕೇಬಲನ್ನು ಒಟ್ಟಿಗೇ ಜೋಪಾನ ಮಾಡಿ, ಕೇಬಲ್ ಕಳೆದುಹೋದರೆ ಅದೇ ಪದ್ಧತಿಯದನ್ನೇ ಕೊಳ್ಳಿ. ಮನೆಯಲ್ಲಿ ಲ್ಯಾಪ್‌ಟಾಪ್ ಮತ್ತು ಗ್ಯಾಲಕ್ಸಿ ಎರಡಕ್ಕೂ ಒಂದೇ ಚಾರ್ಜರ್ ಇಟ್ಟುಕೊಳ್ಳುವ ಯೋಚನೆ ಇದ್ದರೆ, ನಿಶ್ಚಿತ ಸಾಲಿನಲ್ಲಿ 20 ವೋಲ್ಟ್ ಕೂಡ ಇರಬೇಕು, ಪಿಪಿಎಸ್ ಸಾಲೂ ಇರಬೇಕು. ಎರಡೂ ಇರುವ 65 ವ್ಯಾಟ್ ಅಡಾಪ್ಟರ್‌ಗಳು ಈಗ ಧಾರಾಳವಾಗಿ ಸಿಗುತ್ತವೆ.

ಭಾರತದಲ್ಲಿ ಮಾರುವ ಅಡಾಪ್ಟರ್‌ಗೆ ಬಿಐಎಸ್ ನೋಂದಣಿ ಕಡ್ಡಾಯ. ಮೈಮೇಲೆ `R-` ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅಂಗಡಿಯಲ್ಲೇ ನಿಂತು `BIS Care` ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ, ಯಾವ ಬಗೆಯ ಸರಕಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಅಲ್ಲಿ ಬರುವ ಹೆಸರು ಕೈಯಲ್ಲಿರುವ ಪೆಟ್ಟಿಗೆಗೆ ತಾಳೆಯಾಗದಿದ್ದರೆ, ಲೇಬಲ್ ಮೇಲೆ ಪಿಪಿಎಸ್ ಎಂದು ಎಷ್ಟೇ ಚೆನ್ನಾಗಿ ಮುದ್ರಿಸಿದ್ದರೂ ಕೊಳ್ಳಬೇಡಿ.